ರಂಗಪ್ಪ ‘ರವರು’ ಯಾರವರು?

ಪ್ರಶ್ನೆ: ಮಗಳ ಲಗ್ನಪತ್ರಿಕೆ ಅಚ್ಚಿಗೆ ಹೋಗಬೇಕು. ಪ್ರೆಸ್ಸಿನವರು ‘ಶ್ರೀ ರಂಗಪ್ಪ ರವರ ಪುತ್ರಿ’, ‘ಶ್ರೀ ಪ್ರಕಾಶ್ ರವರ ಪುತ್ರ’ ಎಂದು ಹಾಕಿದ್ದಾರೆ. ‘ಅವರು’ಗಿಂತ ‘ರವರು’ ಹೆಚ್ಚು ಗೌರವವಂತೆ. ಹೌದೇ?

ಅಲ್ಲ. ಲಗ್ನದ ಕಾಲ ಬಂತೆಂದರೆ ಈ ಪ್ರಶ್ನೆಯೂ ಬಂತು. ಪ್ರೆಸ್ಸಿನವರಿಗೆ ಬಾರ್ಡರು, ಬಣ್ಣ ಚೆನ್ನಾಗಿ ಗೊತ್ತಿರುತ್ತದೆ. ವ್ಯಾಕರಣ ಅವರ ಕಸುಬಲ್ಲ, ಅವರನ್ನು ಕೇಳಬೇಡಿ.

‘ರವರು’ ಎಂಬ ಪ್ರತ್ಯಯವೇ ಕನ್ನಡದಲ್ಲಿಲ್ಲ. ‘ಗೌಡರವರು’, ‘ರಾಯರವರು’ ಎನ್ನುವಾಗ ಆ ‘ರ’ ಹಿಂದಿನ ಪದದ್ದು: ಗೌಡರ + ಅವರು. ‘ಗೌಡರು’ ಎಂದಾಗಲೇ ಗೌರವ ಸಂದಾಯವಾಗಿರುತ್ತದೆ, ಅದರ ಮೇಲೆ ಇನ್ನೊಂದು ಹೇರಿದ್ದಾರೆ. ಅಲ್ಲಿನ ಬಾಲವನ್ನು ಕತ್ತರಿಸಿ ತಂದು ಕಂಡ ಕಂಡ ಹೆಸರಿಗೆಲ್ಲ ಅಂಟಿಸುವ ಚಾಳಿ ಕಚೇರಿ ಪತ್ರಗಳಿಂದ ಶ್ರದ್ಧಾಂಜಲಿ ಬ್ಯಾನರಿನವರೆಗೆ ಹಬ್ಬಿದೆ.

ಈಗ ನಿಮ್ಮ ರಂಗಪ್ಪ. ಗೌಡ, ಭಟ್ಟ, ಕಾರಂತ ಮುಂತಾದವಕ್ಕೆ ‘ರು’ ನೇರವಾಗಿ ಹತ್ತುತ್ತದೆ: ಗೌಡರು, ಭಟ್ಟರು, ಶಿವರಾಮ ಕಾರಂತರು. ರಂಗಪ್ಪನಿಗೆ ಹಾಗೆ ಹತ್ತುವುದಿಲ್ಲ, ಏಕೆಂದರೆ ಕೊನೆಯಲ್ಲಿ ‘ಅಪ್ಪ’ ಕೂತಿದ್ದಾನೆ. ನೆಂಟಸ್ತಿಕೆಯ ಈ ಪದಗಳ ಬಹುವಚನ ‘ಅಪ್ಪರು’, ‘ಅಣ್ಣರು’ ಅಲ್ಲ, ಅಪ್ಪಂದಿರು, ಅಣ್ಣಂದಿರು. ‘ರಂಗಪ್ಪಂದಿರು’ ಎಂದರೋ, ಊರಿನ ರಂಗಪ್ಪಗಳೆಲ್ಲ ಚಪ್ಪರದಡಿ ಸೇರಿದಂತಾಗುತ್ತದೆ. ಅದಕ್ಕೇ ಭಾಷೆ ಬೇರೆ ದಾರಿ ಹಿಡಿದಿದೆ. ಮೊದಲು ಷಷ್ಠಿ ಮಾಡಿ, ‘ರಂಗಪ್ಪನ’. ಅದಕ್ಕೆ ‘ಅವರು’ ಸೇರಿಸಿ, ರಂಗಪ್ಪನವರು. ಬಸವಣ್ಣನವರು, ವಿಶ್ವೇಶ್ವರಯ್ಯನವರು ಆದದ್ದೂ ಹೀಗೆಯೇ. ಸರೋಜಮ್ಮ ಹೆಣ್ಣಾದರೂ ಸರೋಜಮ್ಮನವರೇ, ಏಕೆಂದರೆ ನಾವು ‘ಅಮ್ಮನ ಸೀರೆ’ ಅನ್ನುತ್ತೇವೆ, ‘ಅಮ್ಮಳ ಸೀರೆ’ ಅನ್ನುವುದಿಲ್ಲ.

ಇ, ಎ ಕೊನೆಯಾದರೆ ಷಷ್ಠಿಯಲ್ಲಿ ‘ಯ’ ಬರುತ್ತದೆ, ಗೌರವರೂಪದಲ್ಲೂ ಅದೇ ನಿಲ್ಲುತ್ತದೆ: ಮಾಸ್ತಿಯವರು, ಬೇಂದ್ರೆಯವರು. ಹಾಗೆಂದು ಈ ಸೂತ್ರ ಎಲ್ಲ ಕಡೆ ನಡೆಯದು. ‘ರಾಮನವರು’ ಎಂದರೆ ರಾಮನ ಕಡೆಯವರು ಎಂದಾಗುತ್ತದೆ. ‘ಕುವೆಂಪುವಿನವರು’ ಎಂದು ಯಾರೂ ಅನ್ನುವುದಿಲ್ಲ. ಅಲ್ಲಿ ‘ಅವರು’ ಬಿಡಿಯಾಗಿ ನಿಲ್ಲುತ್ತದೆ, ಕುವೆಂಪು ಅವರು. ವ್ಯಂಜನದಲ್ಲಿ ಮುಗಿಯುವ ನಿಮ್ಮ ಬೀಗರೂ ಹಾಗೆಯೇ, ಪ್ರಕಾಶ್ ಅವರು. ‘ಪ್ರಕಾಶರು’ ಎಂದರೆ ತಪ್ಪಿಲ್ಲ. ಆದರೂ ಬೀಗರ ಹೆಸರನ್ನು ಅವರು ಸಹಿ ಹಾಕುವಂತೆಯೇ ಬಿಡುವುದು ಕ್ಷೇಮ; ಮದುವೆಗೆ ಮೊದಲೇ ಜಗಳ ಬೇಡ.

ವಿಭಕ್ತಿ ಹಚ್ಚುವುದು ಇಷ್ಟಾದ ಮೇಲೆ. ಆಗ ಹೆಸರಿನ ಕೊನೆ ಸ್ವರವಾದರೂ ವ್ಯಂಜನವಾದರೂ ಒಂದೇ, ರಂಗಪ್ಪನವರಿಗೆ, ಮಾಸ್ತಿಯವರಿಗೆ, ಪ್ರಕಾಶ್ ಅವರಿಗೆ. ಪತ್ರಿಕೆಯಲ್ಲಿ ‘ಶ್ರೀಮತಿ ಸರೋಜಮ್ಮ ಮತ್ತು ಶ್ರೀ ರಂಗಪ್ಪನವರ ಪುತ್ರಿ’ ಎಂದು ಹಾಕಿಸಿ. ಕೊನೆಯ ಹೆಸರಿಗೆ ಹತ್ತಿದ್ದು ಇಬ್ಬರಿಗೂ ಸಲ್ಲುತ್ತದೆ. ಕರಡಚ್ಚು ನೋಡುವಾಗ ಜಾಗವನ್ನೂ ನೋಡಿ: ‘ರಂಗಪ್ಪ ನವರ’ ಎಂದು ಬಿಡಿಸಿರಬಾರದು, ‘ಪ್ರಕಾಶ್ ಅವರ’ ನಡುವೆ ಜಾಗ ಇರಲೇಬೇಕು.

ಪ್ರಶ್ನೆ: ಮೈಸೂರು ‘ಮೈಸೂರಿಗೆ’ ಆದರೆ ಮಧು ‘ಮಧಿಗೆ’ ಯಾಕಾಗುವುದಿಲ್ಲ?

ಮೈಸೂರಿನ ‘ಉ’ ಬಾಯಿಗೆ ಆಸರೆ ಅಷ್ಟೆ; ಸ್ವರದಿಂದ ಶುರುವಾಗುವ ಪ್ರತ್ಯಯ ಬಂದರೆ ಬಿದ್ದುಹೋಗುತ್ತದೆ: ಮೈಸೂರನ್ನು, ಮೈಸೂರಿನ. ಮಧು, ವಿಷ್ಣು, ಗುರು ಇವುಗಳ ‘ಉ’ ಹೆಸರಿನದೇ ಅಂಗ, ಬೀಳುವುದಿಲ್ಲ. ನಡುವೆ ‘ವ’ ಬರುತ್ತದೆ: ಮಧುವನ್ನು, ಮಧುವಿನ, ಮಧುವಿಗೆ. ಮಾತಿನಲ್ಲಿ ‘ಮಧುಗೆ’ ಸಾಕು. ಜಾಹೀರಾತಿನ ‘ಬೆಂಗಳೂರುಗೆ’ ಮಾತ್ರ ಸಹಿಸಲಾಗದು. ಖಾಲಿ ಜಾಗದಲ್ಲಿ ಊರಿನ ಹೆಸರು ತುಂಬಿ ಪಕ್ಕಕ್ಕೆ ‘ಗೆ’ ಅಂಟಿಸಿದರೆ ಹುಟ್ಟುವ ಕೂಸು ಅದು.

ಪ್ರಶ್ನೆ: ಹೆಸರು ತಿದ್ದಿಕೊಡುವವರೊಬ್ಬರು ‘ಅವರು’ ಸೇರಿದರೆ ಹೆಸರಿನ ಸಂಖ್ಯೆ ಕೆಡುತ್ತದೆ ಎಂದರು.

ಅವರ ಫೀಸಿನ ಸಂಖ್ಯೆ ಕೆಡುವುದಿಲ್ಲವಷ್ಟೆ? ಮುಂದಿನ ಪ್ರಶ್ನೆ.

ಪ್ರಶ್ನೆ: ‘ಸುರೇಶ್ಗೆ’ ಎಂದು ಟೈಪಿಸಿದರೆ ಗಕಾರ ಒತ್ತಾಗುತ್ತದೆ. ‘ಸುರೇಶನಿಗೆ’ ಎಂದೇ ಬರೆಯಬೇಕೇ?

ಸುರೇಶ ನಿಮ್ಮ ತಮ್ಮನಾದರೆ ‘ಸುರೇಶನಿಗೆ’ ಸರಿ, ಮೇಲಧಿಕಾರಿಯಾದರೆ ‘ಸುರೇಶ್ ಅವರಿಗೆ’. ‘ಸುರೇಶ್‌ಗೆ’ ಎಂದೇ ಬೇಕಿದ್ದರೆ ‘ಶ್’ ಮತ್ತು ‘ಗೆ’ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ, U+200C, ಹಾಕಬೇಕು. ಆಗ ಒತ್ತು ಬೀಳುವುದಿಲ್ಲ. ಅದು ಸಿಗದೆ ಖಾಲಿ ಜಾಗ ಬಿಟ್ಟರೆ ಸಾಲಿನ ಕೊನೆಯಲ್ಲಿ ‘ಸುರೇಶ್’ ಮೇಲೆ ಉಳಿದು ‘ಗೆ’ ಕೆಳಗಿನ ಸಾಲಿಗೆ ಜಾರುತ್ತದೆ.