ಶುಂಠಿ ಪುಡಿಯ ಬೂಷ್ಟು: ಬಿಸಿಲಿಗಿಟ್ಟರೆ ಸಾಕಾ?

ಪ್ರಶ್ನೆ: ತೀರ್ಥಹಳ್ಳಿ ಕಡೆ ನಮ್ಮ ಮನೆ. ಸ್ಟೀಲ್ ಡಬ್ಬಿಯಲ್ಲಿಟ್ಟ ಒಣಶುಂಠಿ ಪುಡಿ ಮಳೆಗಾಲದಲ್ಲಿ ಗಂಟುಕಟ್ಟಿ ಹಸಿರು ಬೂಷ್ಟು ಬಂದಿದೆ. ಬಿಸಿಲಿಗಿಟ್ಟು ಬಳಸಬಹುದಾ?

ಉತ್ತರ: ಬೇಡ, ಎಸೆದುಬಿಡಿ. ಮೇಲಿನ ಗಂಟು ತೆಗೆದು ಉಳಿದದ್ದನ್ನು ಜರಡಿ ಹಿಡಿದರೂ ಪ್ರಯೋಜನವಿಲ್ಲ, ಬೂಷ್ಟಿನ ಎಳೆ ಕಣ್ಣಿಗೆ ಕಾಣದೆ ಒಳಗೂ ಹರಡಿರುತ್ತದೆ. ಹಸಿರು ಬೂಷ್ಟೆಲ್ಲ ವಿಷವಲ್ಲ ನಿಜ. ಆದರೆ ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಜಾತಿಯ ಬೂಷ್ಟಾಗಿದ್ದರೆ ಅಫ್ಲಟಾಕ್ಸಿನ್ ಅನ್ನುವ ವಿಷ ಬಿಟ್ಟಿರಬಹುದು, ಅದು ಲಿವರ್‌ಗೆ ಕೆಟ್ಟದ್ದು. ಬಿಸಿಲಿಗೆ ಪುಡಿ ಒಣಗುತ್ತದೆ, ವಿಷ ಹೋಗುವುದಿಲ್ಲ. ಕಷಾಯ ಕುದಿಸಿದರೂ ಅಷ್ಟೇ. ನೋಡಿ, ಮೂಸಿ ಹೇಳಲೂ ಆಗಲ್ಲ, ಲ್ಯಾಬ್ ಬೇಕು.

ತಪ್ಪಾಗುವುದು ಎರಡು ಕಡೆ. ಒಂದು, ಮಿಕ್ಸಿಯಿಂದ ಬಿಸಿಬಿಸಿ ಪುಡಿಯನ್ನು ನೇರ ಡಬ್ಬಿಗೆ ಸುರಿಯುವುದು. ಆ ಹಬೆ ಮುಚ್ಚಳದ ಕೆಳಗೆ ಹನಿಯಾಗಿ ಮತ್ತೆ ಪುಡಿಗೇ ಬೀಳುತ್ತದೆ. ಇಡೀ ಪುಡಿ ಒಣಗಿದ್ದರೂ ಆ ಒಂದು ಜಾಗ ಸಾಕು. ಇನ್ನೊಂದು ಡಬ್ಬಿಯೇ. ಸಾಮಾನ್ಯ ಸ್ಟೀಲ್ ಡಬ್ಬಿಯ ಮುಚ್ಚಳದ ಸಂದಿಯಲ್ಲಿ ಗಾಳಿ ಆಡುತ್ತದೆ. ಆಗುಂಬೆ ಕಡೆಯ ಜುಲೈ ಗಾಳಿ ಅಂದರೆ ಗೊತ್ತಲ್ವಾ, ಉಪ್ಪೇ ನೀರಾಗುತ್ತದೆ! ಪುಡಿ ಆ ತೇವವನ್ನು ಬೇಗ ಎಳೆದುಕೊಳ್ಳುತ್ತದೆ.

ಹಾಗಾಗಿ ಶುಂಠಿಯನ್ನು ತುಂಡಾಗಿಯೇ ಇಡಿ. ಮುರಿದರೆ ಬಾಗದೆ ಟಕ್ ಅನ್ನಬೇಕು. ತೇವಾಂಶ ಸುಮಾರು 10%ಕ್ಕಿಂತ ಕಡಿಮೆ ಇರಬೇಕು. ತಿಂಗಳಿಗಾಗುವಷ್ಟೇ ಪುಡಿ ಮಾಡಿ, ತಟ್ಟೆಯಲ್ಲಿ ಪೂರ್ತಿ ಆರಿಸಿ, ರಬ್ಬರ್ ವಾಷರ್ ಇರುವ ಸಣ್ಣ ಗಾಜಿನ ಬಾಟಲಿಗೆ ತುಂಬಿ. ಒಲೆಯ ಮೇಲೆ ಬಾಟಲಿ ಬಗ್ಗಿಸಿ ಪಾತ್ರೆಗೆ ಉದುರಿಸಬೇಡಿ, ಹಬೆ ಒಳಗೆ ಹೋಗುತ್ತದೆ. ನಮ್ಮನೆಯಲ್ಲಿ ಒಂದು ಬಾಟಲಿ ಹಾಳಾಗಿದ್ದು ಹಾಗೇ.