ಬೀಟ್‌ರೂಟ್ ಸೊಪ್ಪಿಗೆ ಮಾತ್ರ ಸ್ವಲ್ಪ ಎಚ್ಚರ

ಪ್ರಶ್ನೆ: ಮೂಲಂಗಿ, ಬೀಟ್‌ರೂಟ್, ಹೂಕೋಸಿನ ಎಲೆಗಳನ್ನು ಬಿಸಾಡುತ್ತಿದ್ದೇನೆ. ತಿಂದರೆ ತೊಂದರೆಯೇ? ಪೋಷಕಾಂಶ ಇದೆಯೇ?

ಮೂರನ್ನೂ ತಿನ್ನಬಹುದು, ದಯವಿಟ್ಟು ಬಿಸಾಡಬೇಡಿ. ಮೂಲಂಗಿ ಸೊಪ್ಪಿನಲ್ಲಿ ಗೆಡ್ಡೆಗಿಂತ ಹೆಚ್ಚು ಕ್ಯಾಲ್ಸಿಯಂ ಮತ್ತು ಸಿ ವಿಟಮಿನ್ ಇದೆ. ಕೈಗೆ ತರಿತರಿಯಾಗಿ ಹತ್ತುವ ಅದರ ಸಣ್ಣ ರೋಮಗಳು ಬೆಂದಾಗ ಮೆತ್ತಗಾಗುತ್ತವೆ. ಹೂಕೋಸಿನ ಎಲೆ ಎಲೆಕೋಸಿನ ಬಳಗದ್ದೇ. ಅದರ ದಪ್ಪ ದಂಟನ್ನು ಸಣ್ಣಗೆ ಹೆಚ್ಚಿ ಮೊದಲು ಬೇಯಿಸಿ, ಎಲೆಯನ್ನು ಆಮೇಲೆ ಸೇರಿಸಿ.

ಬೀಟ್‌ರೂಟ್ ಸೊಪ್ಪಿನ ವಿಷಯ ಬೇರೆ. ಪಾಲಕ್‌ನಂತೆ ಇದರಲ್ಲೂ ಆಕ್ಸಲೇಟ್ ಎಂಬ ಸಹಜ ರಾಸಾಯನಿಕ ಹೇರಳವಾಗಿದೆ. ಅದು ಸೊಪ್ಪಿನ ಕ್ಯಾಲ್ಸಿಯಂಗೆ ಅಂಟಿಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ರಕ್ತಕ್ಕೆ ಸೇರಿದ ಆಕ್ಸಲೇಟ್ ಮೂತ್ರದಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಕಲ್ಲಾಗಬಹುದು. ಆದ್ದರಿಂದ ಸೊಪ್ಪನ್ನು ಧಾರಾಳ ನೀರಿನಲ್ಲಿ ಕುದಿಸಿ, ಕೆಂಪೇರಿದ ಆ ನೀರನ್ನು ಚೆಲ್ಲಿಬಿಡಿ. ಆಕ್ಸಲೇಟ್‌ನ ಒಂದಷ್ಟು ಭಾಗ ನೀರಿನೊಂದಿಗೇ ಹೋಗುತ್ತದೆ. ಹಬೆಯಲ್ಲಿ ಬೇಯಿಸಿದರೆ ಅಷ್ಟು ಇಳಿಯುವುದಿಲ್ಲ. ಜೊತೆಗೆ ಮೊಸರಿದ್ದರೆ ಉಳಿದ ಆಕ್ಸಲೇಟ್ ಕರುಳಿನಲ್ಲೇ ಕ್ಯಾಲ್ಸಿಯಂಗೆ ಸಿಕ್ಕಿಕೊಂಡು ಹೊರಹೋಗುತ್ತದೆ. ಆರೋಗ್ಯವಂತರು ಆಗಾಗ ತಿಂದರೆ ಭಯವಿಲ್ಲ. ಆಕ್ಸಲೇಟ್ ಕಲ್ಲಿನ ತೊಂದರೆ ಅನುಭವಿಸಿದವರು ಇದನ್ನು ಬಿಟ್ಟು ಮೂಲಂಗಿ ಸೊಪ್ಪನ್ನೇ ಬಳಸುವುದು ಒಳ್ಳೆಯದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು. ಇವುಗಳಲ್ಲಿರುವ ಕೆ ವಿಟಮಿನ್ ಆ ಮಾತ್ರೆಯ ಪರಿಣಾಮವನ್ನು ತಗ್ಗಿಸುತ್ತದೆ.