ಮಂಗರಾಜನ ಏಕಾದಶಿ, ಭಾಗಿಯಾನ ಹೊಲ

ಓದುಗರ ಪತ್ರ: ‘ಛ ಮಾಣ ಆಠ ಗುಂಠ’ ಎಂಬ ಒಡಿಯಾ ಕಾದಂಬರಿಯನ್ನು ಇಂಗ್ಲಿಷ್ ಅನುವಾದದಲ್ಲಿ ಓದಿದೆ. ಕತೆ ಹೇಳುವವನು ಜಮೀನ್ದಾರನನ್ನು ಹೊಗಳುತ್ತಲೇ ಹೋಗುತ್ತಾನೆ. ಜಾತಿ ಮತ್ತು ಜಮೀನ್ದಾರಿಕೆಯ ಮೇಲೆ ಇದು ಕಟುವಾದ ಟೀಕೆ ಎನ್ನುತ್ತಾರೆ. ಆ ಟೀಕೆ ಯಾವ ಪುಟದಲ್ಲಿದೆ? ನಾನು ಹೊಸ ಓದುಗ. ಎಲ್ಲಿಂದ ಹಿಡಿದು ಓದಬೇಕು?

ಸಂಪಾದಕರ ಉತ್ತರ: ಮೊದಲ ಪುಟದಿಂದಲೇ ಹಿಡಿಯಿರಿ, ಅದನ್ನು ಎರಡು ಸಲ ಓದಿ. ಫಕೀರ ಮೋಹನ ಸೇನಾಪತಿಯವರು ಈ ಕಾದಂಬರಿಯ ಬೀಗದಕೈಯನ್ನು ಅಲ್ಲೇ ಇಟ್ಟಿದ್ದಾರೆ.

ರಾಮಚಂದ್ರ ಮಂಗರಾಜ ಜಮೀನ್ದಾರ, ಜೊತೆಗೆ ಸಾಲ ಕೊಡುವವನು. ಮಹಾ ದೈವಭಕ್ತ, ವರ್ಷಕ್ಕೆ 24 ಏಕಾದಶಿ, ಒಂದನ್ನೂ ತಪ್ಪಿಸುವವನಲ್ಲ, ನೀರು ಮತ್ತು ತುಳಸಿ ಎಲೆಯ ಮೇಲೆಯೇ ದಿನ ಕಳೆಯುತ್ತಾನೆ ಎಂದು ನಿರೂಪಕ ಶುರುಮಾಡುತ್ತಾನೆ. ಆಮೇಲೆ ಬರುವುದು ಕ್ಷೌರಿಕ ಜಗನ ಮಾತು. ಏಕಾದಶಿಯ ರಾತ್ರಿ ಯಜಮಾನರ ಮಲಗುವ ಕೋಣೆಯಲ್ಲಿ ದೊಡ್ಡ ಪಾತ್ರೆಯ ತುಂಬ ಹಾಲು, ಬಾಳೆಹಣ್ಣು, ಅರಳು ಇಡುತ್ತಾರೆ. ಬೆಳಿಗ್ಗೆ ಖಾಲಿ ಪಾತ್ರೆಯನ್ನು ತೊಳೆಯುವವನು ಅವನೇ. ಈಗ ನಿರೂಪಕ ಮಂಗರಾಜನ ಪರ ವಕಾಲತ್ತಿಗೆ ನಿಲ್ಲುತ್ತಾನೆ. ಹಾಲು ಕುಡಿದದ್ದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರೆಯೇ? ಇಲ್ಲದಿದ್ದರೆ ಕೇಳಿದ ಮಾತನ್ನು ಸಾಕ್ಷ್ಯವೆಂದು ಒಪ್ಪಲಾಗದು. ದ್ರವ ಆವಿಯಾಗುತ್ತದೆ ಎಂದು ವಿಜ್ಞಾನದ ಪುಸ್ತಕ ಹೇಳುತ್ತದೆ, ಹಾಲೂ ದ್ರವವೇ ಅಲ್ಲವೇ? ಅದೂ ಸಾಲದೆಂದು ಕೋಣೆಯಲ್ಲಿ ಇಲಿ, ಸೊಳ್ಳೆ, ನೊಣಗಳಿವೆ. ಅವು ಮಂಗರಾಜನಂತೆ ಶಾಸ್ತ್ರ ಕೇಳಿದ ಜೀವಿಗಳಲ್ಲ, ಹಸಿವಾದರೆ ತಿಂದುಬಿಡುತ್ತವೆ.

ಈ ಭಾಗವನ್ನು ಪೆನ್ಸಿಲ್ ಹಿಡಿದು ಓದಿ. ಕಣ್ಣಿಗೆ ಕಂಡ ಸಂಗತಿಗೆ ಒಂದು ಗೆರೆ ಎಳೆಯಿರಿ, ಅದಕ್ಕೆ ನಿರೂಪಕ ಕೊಡುವ ಸಮರ್ಥನೆಗೆ ಎರಡು ಗೆರೆ. ಒಂಟಿ ಗೆರೆ ಬೀಳುವುದು ರಾತ್ರಿ ತುಂಬಿದ ಪಾತ್ರೆಗೆ ಮತ್ತು ಬೆಳಿಗ್ಗೆಯ ಖಾಲಿ ಪಾತ್ರೆಗೆ ಮಾತ್ರ. ಮಿಕ್ಕದ್ದೆಲ್ಲ ಜೋಡಿ ಗೆರೆ. ಅಲಂಕಾರಶಾಸ್ತ್ರದಲ್ಲಿ ವ್ಯಾಜಸ್ತುತಿ ಎನ್ನುವುದು ಇದನ್ನೇ, ಹೊಗಳಿಕೆಯ ಬಟ್ಟೆ ತೊಟ್ಟ ನಿಂದೆ. ಆದರೆ ಸೇನಾಪತಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ನಿರೂಪಕನ ಬಾಯಲ್ಲಿ ಬಂದ ಮೂರು ಆಸರೆಗಳನ್ನು ನೋಡಿ: ಕೋರ್ಟಿನ ಸಾಕ್ಷ್ಯದ ನಿಯಮ, ಇಂಗ್ಲಿಷ್ ಶಾಲೆಯ ವಿಜ್ಞಾನ, ಶಾಸ್ತ್ರಶ್ರವಣದ ಪುಣ್ಯ. ಉಳ್ಳವನ ತಪ್ಪನ್ನು ಮುಚ್ಚಲು ಆ ಕಾಲದಲ್ಲಿ ಕೈಗೆ ಸಿಗುತ್ತಿದ್ದ ದೊಡ್ಡ ಮಾತುಗಳು ಇವೇ. ಒಬ್ಬ ಮನುಷ್ಯ ಕದ್ದು ಹಾಲು ಕುಡಿದ ಎಂಬುದು ಸಣ್ಣ ವಿಷಯ. ಅವನನ್ನು ಕಾಯಲು ನ್ಯಾಯ, ವಿದ್ಯೆ, ಧರ್ಮ ಮೂರೂ ಸಾಲಾಗಿ ನಿಲ್ಲುತ್ತವೆ ಎಂಬುದೇ ಟೀಕೆ.

ಹೊಸ ಓದುಗರು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ನಿರೂಪಕನನ್ನೇ ಲೇಖಕರೆಂದು ತಿಳಿದರೆ ನಿಮಗಾದಂತೆ ಎಲ್ಲವೂ ಹೊಗಳಿಕೆಯಾಗಿ ಕೇಳಿಸುತ್ತದೆ. ಇದು ವ್ಯಂಗ್ಯ ಎಂದು ಗೊತ್ತಾದ ಮೇಲೆ ಪ್ರತಿ ವಾಕ್ಯವನ್ನೂ ತಿರುಗಿಸಿ ಓದತೊಡಗುವುದು ಇನ್ನೊಂದು ತಪ್ಪು. ನಿರೂಪಕ ಎಲ್ಲ ಕಡೆ ಸುಳ್ಳು ಹೇಳುವುದಿಲ್ಲ. ಅವನು ಒದಗಿಸುವ ಸಂಗತಿ ನಿಜ, ಅದಕ್ಕೆ ಕಟ್ಟುವ ಕಾರಣ ಮಾತ್ರ ಹುಸಿ. ಊರಿನ ಕೆರೆ ಅಸುರ ದಿಘಿಯ ಅಧ್ಯಾಯದಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಕೊಕ್ಕರೆಗಳು ದಿನವಿಡೀ ಕೆಸರು ಕಲಕಿ ಸಣ್ಣಪುಟ್ಟ ಮೀನು ಹಿಡಿಯುತ್ತವೆ. ಎಲ್ಲಿಂದಲೋ ಹಾರಿಬಂದ ಮಿಂಚುಳ್ಳಿಗಳು ಒಂದೆರಡು ಸಲ ಮುಳುಗಿ, ಹೊಟ್ಟೆ ತುಂಬಿಸಿಕೊಂಡು ಹೊರಟುಬಿಡುತ್ತವೆ. ಹಕ್ಕಿಗಳ ಈ ವರ್ಣನೆಯಲ್ಲಿ ತಿರುಗಿಸಿ ಓದಬೇಕಾದದ್ದು ಏನೂ ಇಲ್ಲ. ಕೊಕ್ಕರೆಗಳನ್ನು ಹಿಂದೂಗಳೆಂದೂ ಮಿಂಚುಳ್ಳಿಗಳನ್ನು ಇಂಗ್ಲಿಷರೆಂದೂ ನಿರೂಪಕ ತಾನೇ ಕರೆದುಬಿಡುತ್ತಾನೆ. ವಸಾಹತು ಆಡಳಿತದ ಲೂಟಿಯನ್ನು ಅವನು ನೇರವಾಗಿ ಹೇಳುವ ಜಾಗ ಅದು.

ಇನ್ನು ಕತೆಯ ಮಧ್ಯಕ್ಕೆ ಬನ್ನಿ. ಹೆಸರಿನ ಲೆಕ್ಕ ಮೊದಲು ತಿಳಿದಿರಲಿ, ಏಕೆಂದರೆ ನಮ್ಮವರು ಇಲ್ಲಿ ತಪ್ಪು ತಿಳಿಯುತ್ತಾರೆ. ನಮ್ಮಲ್ಲಿ 40 ಗುಂಟೆಗೆ ಒಂದು ಎಕರೆ. ಒಡಿಶಾದ ಆ ಅಳತೆಯಲ್ಲಿ 25 ಗುಂಠಕ್ಕೆ ಒಂದು ಮಾಣ, ಮಾಣವೆಂದರೆ ಹೆಚ್ಚುಕಡಿಮೆ ಒಂದು ಎಕರೆ. ಹಾಗಾಗಿ ಆರು ಮಾಣ ಎಂಟು ಗುಂಠವೆಂದರೆ ನಮ್ಮ ಲೆಕ್ಕದಲ್ಲಿ ಆರು ಎಕರೆ 13 ಗುಂಟೆಗೆ ಸ್ವಲ್ಪ ಕಡಿಮೆ. ಇಡೀ ಜಮೀನ್ದಾರಿ ಇರುವ ಮಂಗರಾಜನಿಗೆ ಇದು ಚೂರು ಭೂಮಿ. ನೇಕಾರ ಭಾಗಿಯಾ ಮತ್ತು ಅವನ ಹೆಂಡತಿ ಸಾರಿಯಾಗೆ ಅದೇ ಬದುಕು. ಪುಸ್ತಕಕ್ಕೆ ಜಮೀನ್ದಾರನ ಹೆಸರಿಡದೆ ಹೊಲದ ವಿಸ್ತೀರ್ಣವನ್ನೇ ಹೆಸರಾಗಿಟ್ಟದ್ದು ಏಕೆಂದು ಕೇಳಿಕೊಳ್ಳಿ. ಓದುವಾಗ ಮನುಷ್ಯರ ಹಿಂದೆ ಹೋಗದೆ ಆ ಹೊಲದ ಹಿಂದೆ ಹೋಗಿ. ನೋಟ್‌ಬುಕ್ಕಿನಲ್ಲಿ ಒಂದು ಪುಟ ಬಿಟ್ಟುಕೊಂಡು, ಹೊಲ ಈಗ ಯಾರ ಕೈಯಲ್ಲಿದೆ, ಆ ಕೈಗೆ ಯಾವ ಕಾಗದದಿಂದ ಬಂತು, ಆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿದ್ದು ಯಾವ ಭಯ ಎಂದು ಬರೆಯುತ್ತ ಹೋಗಿ.

ಭಾಗಿಯಾ ನೇಕಾರರ ಕೇರಿಯ ಮುಖ್ಯಸ್ಥ, ಮುಗ್ಧ. ಮಕ್ಕಳಿಲ್ಲ. ಮಂಗರಾಜನ ಮನೆಯ ಚಂಪಾ ಸಾರಿಯಾಳ ಹತ್ತಿರ ಸುಳಿಯುತ್ತಾಳೆ, ಗ್ರಾಮದೇವತೆ ಬೂಢೀ ಮಂಗಳಾಳ ಕೃಪೆಯ ಆಸೆ ಹುಟ್ಟಿಸುತ್ತಾಳೆ. ದೇವಿಯ ಸನ್ನಿಧಿಯಲ್ಲಿ ದನಿಯೊಂದು ಕೇಳಿಸುತ್ತದೆ: ಗುಡಿ ಕಟ್ಟಿಸು, ಮಕ್ಕಳಾಗುತ್ತವೆ. ಆ ದನಿ ಯಾರದ್ದೆಂದು ಊಹಿಸುವುದು ಓದುಗನಿಗೆ ಕಷ್ಟವಲ್ಲ, ಆ ಹೆಣ್ಣಿಗೆ ಮಾತ್ರ ಅದು ದೇವಿಯೇ. ಗುಡಿ ಕಟ್ಟಲು ಹಣ ಬೇಕು, ಹಣಕ್ಕೆ ಮಂಗರಾಜ, ಸಾಲಕ್ಕೆ ಹೊಲದ ಅಡವು. ಗುಡಿಯಂತೂ ಏಳುವುದಿಲ್ಲ. ವಾಯಿದೆ ಮುಗಿದಾಗ ಹೊಲ ಹೋಗುತ್ತದೆ, ಮನೆ ಹೋಗುತ್ತದೆ, ನೇತ ಎಂಬ ಹಸುವೂ ಮಂಗರಾಜನ ಕೊಟ್ಟಿಗೆ ಸೇರುತ್ತದೆ. ಭಾಗಿಯಾಗೆ ಹುಚ್ಚು ಹಿಡಿಯುತ್ತದೆ. ಸಾರಿಯಾ ಮಂಗರಾಜನ ಮನೆಯ ಹಿತ್ತಲಲ್ಲಿ ಅನ್ನನೀರು ಬಿಟ್ಟು ಸಾಯುತ್ತಾಳೆ.

‘ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ’ ಎಂಬ ನಮ್ಮ ಗಾದೆಗೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಸಿಗುವುದು ಅಪರೂಪ. ಆದರೆ ಗಾದೆಯ ಬಳಿಯೇ ನಿಂತುಬಿಡಬೇಡಿ. ಜಾತಿಯ ಪ್ರಶ್ನೆ ಇಲ್ಲಿ ಹೇಗೆ ಬರುತ್ತದೆ ಎಂದು ನೋಡಿ. ಮಂಗರಾಜ ಬ್ರಾಹ್ಮಣನಲ್ಲ, ಒಡಿಶಾದ ಬೇಸಾಯಗಾರ ಜಾತಿಯಾದ ಖಂಡಾಯತರವನು. ಹುಟ್ಟಿನಿಂದ ಬಾರದ ಮರ್ಯಾದೆಯನ್ನು ಅವನು ವ್ರತದಿಂದ, ಆಚಾರದಿಂದ ಗಳಿಸುತ್ತಾನೆ. ಮೊದಲ ಪುಟದ ಏಕಾದಶಿಯಿಂದ ಅವನಿಗೆ ಸಿಗುವುದು ಊರಿನ ನಂಬಿಕೆ. ನಂಬಿಕೆ ಇದ್ದಲ್ಲಿ ಸಾಲಪತ್ರಕ್ಕೆ ಹೆಬ್ಬೆಟ್ಟು ಬೀಳುತ್ತದೆ. ಅಂದರೆ ಶುಚಿತ್ವವೂ ಅವನ ಬಂಡವಾಳದ ಒಂದು ಭಾಗ. ಜಾತಿಯ ಆಚಾರ ಮತ್ತು ವರ್ಗದ ಲಾಭ ಬೇರೆಬೇರೆ ಅಧ್ಯಾಯಗಳಲ್ಲಿ ಇರಬಹುದೆಂದು ಹುಡುಕಿದರೆ ಎರಡೂ ಸಿಗುವುದಿಲ್ಲ. ಅವೆರಡೂ ಕೂಡುವುದು ಆ ಅಡವುಪತ್ರದಲ್ಲಿ.

ಈಗ ವಿಚಾರಣೆಯ ಭಾಗವನ್ನು ನಿಧಾನವಾಗಿ ಓದಿ, ಬಹಳ ಮಂದಿ ಇಲ್ಲಿ ಪುಟ ಹಾರಿಸಿಬಿಡುತ್ತಾರೆ. ಬರಹದ ಧಾಟಿಯೇ ಬದಲಾಗಿ ಕೋರ್ಟಿನ ಕಡತದಂತಾಗುತ್ತದೆ. ಸಾರಿಯಾಳ ಸಾವಿನ ಆರೋಪ ಮಂಗರಾಜನ ಮೇಲೆ ನಿಲ್ಲುವುದಿಲ್ಲ. ಅವನು ಜೈಲಿಗೆ ಹೋಗುವುದು ಹಸುವಿಗಾಗಿ. ಇದನ್ನು ನಮ್ಮ ನೋಟ್‌ಬುಕ್ಕಿನ ಪುಟದ ಪಕ್ಕ ಇಟ್ಟು ನೋಡಿ. ಹೊಲವನ್ನು ಕಿತ್ತುಕೊಂಡದ್ದು ಕ್ರಮಬದ್ಧ ಕಾಗದದಿಂದ, ಆದ್ದರಿಂದ ಅದು ಅಪರಾಧವಲ್ಲ. ಹೆಂಗಸು ಹಸಿದು ಸತ್ತದ್ದಕ್ಕೆ ಯಾರ ಕೈಯ ಗುರುತೂ ಇಲ್ಲ, ಅದೂ ಅಪರಾಧವಲ್ಲ. ಹಸುವಿಗೆ ಮಾತ್ರ ಕಾಗದ ಇರಲಿಲ್ಲ. ಕಂಪನಿ ಕಾಲದ ಕಾನೂನಿನ ಕಣ್ಣು ಎಷ್ಟು ದೂರ ಕಾಣುತ್ತಿತ್ತು ಎಂಬುದಕ್ಕೆ ಈ ತೀರ್ಪೇ ಅಳತೆ. ಇಲ್ಲಿ ಒಂದು ಕ್ಷಣ ಹಿಂದಕ್ಕೆ ಹೋಗಿ ಮೊದಲ ಪುಟ ತೆರೆಯಿರಿ. ಕಣ್ಣಾರೆ ಕಂಡ ಸಾಕ್ಷಿ ಎಲ್ಲಿ ಎಂದು ಹಾಲಿನ ಪಾತ್ರೆಯ ಮುಂದೆ ನಿರೂಪಕ ಕೇಳಿದ ಪ್ರಶ್ನೆ ನಗುವಾಗಿ ಕೇಳಿಸಿತ್ತು. ಸಾರಿಯಾಳ ಸಾವಿನ ಮುಂದೆ ಅದೇ ತರ್ಕ ಬಂದಾಗ ನಗು ಬರುವುದಿಲ್ಲ. ಕಾದಂಬರಿಯ ಕಟ್ಟಡ ನಿಂತಿರುವುದು ಈ ಎರಡು ಪುಟಗಳ ಮೇಲೆ ಎಂಬುದು ನಮ್ಮ ಅಭಿಪ್ರಾಯ.

ಮಂಗರಾಜನಿಗೆ ಶಿಕ್ಷೆಯಾಯಿತು, ನ್ಯಾಯ ಗೆದ್ದಿತು ಎಂದು ಅಲ್ಲಿಗೆ ಪುಸ್ತಕ ಮುಚ್ಚಬೇಡಿ. ಬಂಧನದಲ್ಲಿದ್ದವನಿಂದ ಜಮೀನ್ದಾರಿಯನ್ನು ಬರೆಸಿಕೊಳ್ಳುವವನು ಅವನ ವಕೀಲ ರಾಮ ರಾಮ ಲಾಲ. ಭಾಗಿಯಾ ಸಿಕ್ಕಿಬಿದ್ದ ರೀತಿಯಲ್ಲೇ ಮಂಗರಾಜನೂ ಸಿಕ್ಕಿಬೀಳುತ್ತಾನೆ: ಭಯ, ತುರ್ತು, ಒಂದು ಕಾಗದ. ಹಿಂದಿನದನ್ನು ನೆನಪಿಸಿಕೊಂಡರೆ ಆ ಜಮೀನ್ದಾರಿ ಮಂಗರಾಜನಿಗೂ ಹೀಗೇ ಬಂದದ್ದು, ಮೇದಿನೀಪುರದ ದಿಲ್ದಾರ್ ಮಿಯಾನಿಗೆ ಸಾಲ ಕೊಟ್ಟು ಕೊಟ್ಟು. ಹೊಸ ಒಡೆಯ ಬರುತ್ತಾನೆಂದು ತಿಳಿದ ಊರಿನವರಿಗೆ ಹಿಗ್ಗೂ ಇಲ್ಲ, ದುಃಖವೂ ಇಲ್ಲ. ಕಳ್ಳ ಕದ್ದೊಯ್ದರೆ ಕುದುರೆಗೇನು, ಇಲ್ಲೂ ಅರೆಹೊಟ್ಟೆ, ಅಲ್ಲೂ ಅರೆಹೊಟ್ಟೆ ಎನ್ನುವುದು ಅವರ ಮಾತಿನ ಸಾರ. ಕೆಟ್ಟ ಮನುಷ್ಯನೊಬ್ಬನ ಕತೆ ಓದುತ್ತಿದ್ದೇವೆ ಎಂದುಕೊಂಡವರಿಗೆ ಈ ಕೊನೆ ಸಪ್ಪೆ ಎನಿಸುತ್ತದೆ. ಹೊಲದ ಹಿಂದೆ ಬಂದವರಿಗೆ ಹಾಗೆನಿಸದು.

ಕಾದಂಬರಿಯ ಮಿತಿಯನ್ನೂ ಹೇಳಬೇಕು. ಇದು 1897ರಿಂದ 1899ರವರೆಗೆ ‘ಉತ್ಕಲ ಸಾಹಿತ್ಯ’ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1902ರಲ್ಲಿ ಪುಸ್ತಕವಾಯಿತು. ಸೇನಾಪತಿ ಸ್ವತಃ ದೇಶೀ ಸಂಸ್ಥಾನಗಳಲ್ಲಿ ಆಡಳಿತಾಧಿಕಾರಿಯಾಗಿದ್ದವರು. ಅವರ ಕೋಪ ಕಪಟದ ಮೇಲೆ, ಸುಲಿಗೆಯ ಮೇಲೆ. ಜಾತಿಯ ಏಣಿಯನ್ನೇ ಕಿತ್ತೆಸೆಯಬೇಕೆಂಬ ಮಾತು ಇಲ್ಲಿ ಇಲ್ಲ. ಡೋಮರಂಥ ಅಂಚಿನ ಜನ ಕತೆಗೆ ಬಂದರೂ ಹೆಚ್ಚಾಗಿ ಹೊರಗಿನಿಂದ ಕಾಣುತ್ತಾರೆ, ಅವರ ಮನಸ್ಸಿನೊಳಗೆ ನಮ್ಮನ್ನು ಕರೆದೊಯ್ಯುವುದಿಲ್ಲ. ಹೆಂಗಸರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಂಗರಾಜನ ಹೆಂಡತಿ ಸಾಂತಾಣಿಯ ಬಳಿ ಬಂದಾಗ ನಿರೂಪಕನ ವ್ಯಂಗ್ಯ ಪೂರ್ತಿ ಕರಗಿ, ಅವಳು ಪತಿವ್ರತೆಯ ಮೂರ್ತಿಯಾಗುತ್ತಾಳೆ. ಎದುರಿಗೆ ಚಂಪಾ ದುಷ್ಟತನದ ಮೂರ್ತಿ. ಗಂಡಸರ ಆಸ್ತಿಯ ವಿಚಾರದಲ್ಲಿ ಇಷ್ಟು ಹರಿತವಾದ ಕಣ್ಣು ಈ ಇಬ್ಬರ ಮುಂದೆ ಹಳೆಯ ಅಚ್ಚಿಗೆ ಮರಳುತ್ತದೆ. ಅಂಥ ಪುಟದ ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ.

ಎರಡನೇ ಓದಿಗೆ ಇಡೀ ಪುಸ್ತಕ ಬೇಡ. ಏಕಾದಶಿಯ ಪುಟ, ಕೆರೆಯ ಅಧ್ಯಾಯ, ದೇವಿಯ ದನಿ, ವಿಚಾರಣೆ, ಕೊನೆಯಲ್ಲಿ ಹೊಸ ಒಡೆಯನ ಮೆರವಣಿಗೆ, ಈ ಐದನ್ನು ಇದೇ ಕ್ರಮದಲ್ಲಿ ಓದಿ. ವಿಚಾರಣೆಗೆ ಬಂದಾಗ ನಿಮ್ಮ ಜೋಡಿ ಗೆರೆಗಳು ಎಷ್ಟು ಕಡಿಮೆಯಾಗಿವೆ ಎಂದು ಎಣಿಸಿ ನೋಡಿ. ಅಲ್ಲಿ ಸಮರ್ಥನೆಯ ಕೆಲಸವನ್ನು ನಿರೂಪಕನ ಬದಲು ಕಡತವೇ ಮಾಡುತ್ತಿರುತ್ತದೆ.